ಸಿಲಿಂಡರ್ ಮುಚ್ಚಿತ್ತು, ಮಷಿನ್ ನಿಂತಿತ್ತು, ಕಂಬಳಿ ಹೊತ್ತಿಕೊಂಡಿತು

ಸಕಲೇಶಪುರ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಆಷಾಢದ ಮಳೆ ಸಂಜೆ ನಡೆದದ್ದನ್ನು ಬರೆಯುತ್ತಿದ್ದೇನೆ. ನಾನು ಹಾಸನದಿಂದ ಹಳ್ಳಿಗಳಿಗೆ ಹೋಗಿ, ಮನೆಯಲ್ಲೇ ಆಕ್ಸಿಜನ್ ತೆಗೆದುಕೊಳ್ಳುವ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಮನೆಯವರು ಬರೆಯಲು ಒಪ್ಪಿದ್ದಾರೆ. ಊರು, ಹೆಸರು ಬಿಟ್ಟಿದ್ದೇನೆ. ರೋಗಿಯನ್ನು ಯಜಮಾನರು ಎಂದೂ ಅವರ ಹೆಂಡತಿಯನ್ನು ಅಮ್ಮ ಎಂದೂ ಕರೆಯುತ್ತೇನೆ, ಆ ಮನೆಯಲ್ಲಿ ನಾನು ಕರೆಯುವುದೂ ಹಾಗೆಯೇ.

ಯಜಮಾನರಿಗೆ ಅರವತ್ತೆಂಟು. ನಲವತ್ತು ವರ್ಷ ಬೀಡಿ ಸೇದಿ, ಬಿಟ್ಟು ಆರು ವರ್ಷವಾಗಿತ್ತು. ಶ್ವಾಸಕೋಶ ಅಷ್ಟರಲ್ಲಿ ಸವೆದುಹೋಗಿತ್ತು. ಸುಮ್ಮನೆ ಕೂತಿದ್ದಾಗಲೂ ಬೆರಳಿಗೆ ಹಾಕುವ ಆಕ್ಸಿಮೀಟರ್ 85, 86 ತೋರಿಸುತ್ತಿತ್ತು. ನಿಮಿಷಕ್ಕೆ 2 ಲೀಟರ್‌ನಂತೆ, ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಮನೆಯಲ್ಲಿ 5 ಲೀಟರ್‌ನ ಒಂದು ಕಾನ್ಸನ್‌ಟ್ರೇಟರ್, ಅಂದರೆ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕರೆಂಟಿನ ಮಷಿನ್, ಇತ್ತು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ, ಅದಕ್ಕೆಂದು 1500 ಲೀಟರ್ ಆಕ್ಸಿಜನ್ ಹಿಡಿಯುವ ಒಂದು ಬಿ ಟೈಪ್ ಸಿಲಿಂಡರನ್ನೂ ತುಂಬಿಸಿ ಇಟ್ಟುಕೊಂಡಿದ್ದರು.

ಆವತ್ತು ಸಂಜೆ ಏಳರ ಸುಮಾರಿಗೆ ಯಜಮಾನರು ಸ್ನಾನಕ್ಕೆ ಎದ್ದರು. ಮೂಗಿನ ಪೈಪನ್ನು ತೆಗೆದು ಮಂಚದ ಮೇಲೆ ಬಿಟ್ಟರು. ನೆಲಕ್ಕೆ ಬಿದ್ದು ಗಲೀಜಾಗದಿರಲಿ ಎಂದು ಅಮ್ಮ ಅದನ್ನು ಕಂಬಳಿಯ ಮಡಿಕೆಯೊಳಗೆ ಸೇರಿಸಿದರು. ಮಷಿನ್ ಆಫ್ ಮಾಡಲಿಲ್ಲ. ಪದೇಪದೇ ಆಫ್ ಮಾಡಿ ಆನ್ ಮಾಡಿದರೆ ಕೆಡುತ್ತದೆ ಎಂದು ಯಾರೋ ಹೇಳಿದ್ದರಂತೆ. ಹಂಡೆ ನೀರು, ಬಿಸಿ ಬಚ್ಚಲು, ನಡುನಡುವೆ ಕೂತು ಏದುಸಿರು ಬಿಡುವುದು, ಎಲ್ಲ ಸೇರಿ ವಾಪಸ್ ಬರಲು ಅರ್ಧ ಗಂಟೆ ಆಯಿತು. ಮಂಚದ ತುದಿಯಲ್ಲಿ ಕೂತು, ಪೈಪನ್ನು ಮೂಗಿಗೆ ಸಿಕ್ಕಿಸಿಕೊಂಡು, ಅದೇ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಷಿನ್ ಕುಂಯ್ ಎಂದು ಕೂಗಿ ನಿಂತಿತು.

ಅಮ್ಮ ಮೇಣದಬತ್ತಿ ಹಚ್ಚಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸಬೇಕಿತ್ತು, ಅದರ ಚಾವಿ ಹುಡುಕುತ್ತಿದ್ದರು. ಯಜಮಾನರು ಕೆಮ್ಮಿ ಮುಂದಕ್ಕೆ ಬಾಗಿದರು. ಕಂಬಳಿಯ ಅಂಚು ಬತ್ತಿಗೆ ತಾಗಿತು. ಮುಂದಿನದನ್ನು ಅಮ್ಮನ ಮಾತಲ್ಲೇ ಹೇಳುತ್ತೇನೆ: "ಬೆಂಕಿ ಹತ್ಕೊಂಡು ಉರೀಲಿಲ್ಲ ಸಿಸ್ಟರ್, ಓಡ್ತು. ಕಂಬಳಿ ಮೇಲೆ ಈ ತುದಿಯಿಂದ ಆ ತುದಿಗೆ ಸರ್ ಅಂತ ಓಡ್ತು."

ಅವರು ಕಂಬಳಿಯನ್ನು ಎಳೆದು ನೆಲಕ್ಕೆ ಬಿಸಾಡಿದರು. ಪೈಪನ್ನು ಮೂಗಿನಿಂದ ಕಿತ್ತರು. ಮೂಲೆಯಲ್ಲಿದ್ದ ಬಿಂದಿಗೆ ನೀರನ್ನು ಸುರಿದರು. ಎಲ್ಲ ಮುಗಿಯಲು ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. ಯಜಮಾನರ ಮೀಸೆ, ಬಲಹುಬ್ಬು ಸುಟ್ಟವು. ಮೇಲ್ತುಟಿ, ಮೂಗಿನ ತುದಿ, ಬಲಗೆನ್ನೆ, ಬಲಗೈಯ ಮೂರು ಬೆರಳುಗಳಲ್ಲಿ ಬೊಬ್ಬೆ ಎದ್ದವು.

ಸಿಲಿಂಡರಿನ ಮೇಲೆ ಬಂದ ಅಪವಾದ

ನಾನು ಮಾರನೆಯ ದಿನ ಹೋದಾಗ ಯಜಮಾನರು ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ಮಗ ಇದ್ದ, ಅಕ್ಕಪಕ್ಕದವರು ಇದ್ದರು. ಎಲ್ಲರದೂ ಒಂದೇ ಮಾತು: ಸಿಲಿಂಡರ್ ಲೀಕಾಗಿದೆ, ಪುಣ್ಯಕ್ಕೆ ಸಿಡಿಯಲಿಲ್ಲ.

ಸಿಲಿಂಡರ್ ಎಲ್ಲಿ ಎಂದು ಕೇಳಿದೆ. ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಒಣಸೌದೆಯ ರಾಶಿಗೆ ಒರಗಿಸಿ ಮಲಗಿಸಿದ್ದರು. ಪಕ್ಕದಲ್ಲಿ ಕಳೆ ಹೊಡೆಯುವ ಮಷಿನ್ನು, ಅದರ ಪೆಟ್ರೋಲ್ ಕ್ಯಾನು. ಮಗನ ಕೈಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ. "ವಾಲ್ವ್ ಬಿಗಿಯಾಗಿದೆ ಸಿಸ್ಟರ್, ಎರಡು ಹನಿ ಬಿಟ್ಟು ತೆಗೆದು, ಒಳಗಿರೋದನ್ನ ಖಾಲಿ ಮಾಡಿ ವಾಪಸ್ ಕೊಟ್ಟುಬಿಡೋಣ ಅಂತಿದ್ದೆ" ಎಂದ.

ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡೆ. ಹಿಂದಿನ ಸಂಜೆಯ ಬೆಂಕಿಗಿಂತ ಆ ಎರಡು ಹನಿಯೇ ನನ್ನನ್ನು ಹೆಚ್ಚು ಹೆದರಿಸಿತು. ತುಂಬಿದ ಸಿಲಿಂಡರಿನೊಳಗೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 150 ಕೆಜಿ ಇರುತ್ತದೆ. ವಾಲ್ವನ್ನು ಸರಕ್ಕನೆ ತಿರುಗಿಸಿದರೆ ಆ ಆಕ್ಸಿಜನ್ ಕಿರಿದಾದ ಜಾಗಕ್ಕೆ ನುಗ್ಗಿ ಒತ್ತಿಕೊಳ್ಳುತ್ತದೆ, ಒತ್ತಿಕೊಂಡ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿಯನ್ನು ಬೆರಳಿಂದ ಮುಚ್ಚಿ ಹೊಡೆದರೆ ಬೆರಳಿಗೆ ತಾಗುವ ಬಿಸಿಯನ್ನೇ ಎಷ್ಟೋ ಪಟ್ಟು ಹೆಚ್ಚಿಸಿ ಊಹಿಸಿಕೊಳ್ಳಿ. ಅಲ್ಲಿ ಎಣ್ಣೆಯ ಪಸೆ ಇದ್ದರೆ ಅದು ಹೊತ್ತಿಕೊಳ್ಳಲು ಕಡ್ಡಿ ಬೇಕಾಗಿಲ್ಲ, ಕಿಡಿಯೂ ಬೇಕಾಗಿಲ್ಲ. ಕೊಬ್ಬರಿ ಎಣ್ಣೆ, ಗ್ರೀಸು, ವ್ಯಾಸಲೀನು, ತಲೆಗೆ ಎಣ್ಣೆ ಹಚ್ಚಿ ತೊಳೆಯದ ಕೈ, ಎಲ್ಲಕ್ಕೂ ಇದೇ ಮಾತು. ಎಣ್ಣೆ ತಾಗಿದೆ ಎಂಬ ಅನುಮಾನ ಬಂದರೂ ಆ ಸಿಲಿಂಡರನ್ನು ತೆರೆಯಬಾರದು. ನಾವೇ ಒರೆಸಲು ಹೋಗದೆ, ಚೀಟಿ ಅಂಟಿಸಿ, ತುಂಬಿಸಿಕೊಡುವವರಿಗೆ ಹೇಳಿ ವಾಪಸ್ ಕಳಿಸಬೇಕು. ಬಿಗಿಯಾದ ವಾಲ್ವಿಗೂ ಅಷ್ಟೇ, ಸುತ್ತಿಗೆಯಿಂದ ತಟ್ಟುವುದಾಗಲಿ, ದೊಡ್ಡ ಪಾನಾ ಹಾಕಿ ತಿರುಚುವುದಾಗಲಿ ಬೇಡ.

ಅದೃಷ್ಟಕ್ಕೆ ಅವನಿನ್ನೂ ಎಣ್ಣೆ ಬಿಟ್ಟಿರಲಿಲ್ಲ. ಸಿಲಿಂಡರನ್ನು ಸೌದೆಯಿಂದ ದೂರ, ಜಗುಲಿಗೆ ತಂದು ನೆಟ್ಟಗೆ ನಿಲ್ಲಿಸಿ, ಕಂಬಕ್ಕೆ ಹಗ್ಗ ಕಟ್ಟಿದೆವು. ಕೈ ಸೋಪು ಹಾಕಿ ತೊಳೆದುಕೊಂಡು ಒಣಗಿಸಿ, ರೆಗ್ಯುಲೇಟರ್ ಕೂರಿಸಿದೆ. ಗೇಜಿನ ಎದುರು ನಿಲ್ಲದೆ ಪಕ್ಕಕ್ಕೆ ಸರಿದು, ಚಾವಿಯನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿದೆ. ಮುಳ್ಳು ಏರಿ 150ರ ಹತ್ತಿರ ನಿಂತಿತು. ತುಂಬಿಸಿ ತಂದ ದಿನ ನಾನೇ ನೋಡಿ ಪುಸ್ತಕದಲ್ಲಿ ಬರೆದಿದ್ದ ಅಂಕಿಯೂ ಅದೇ. ಒಳಗಿನ 1500 ಲೀಟರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಏನೂ ಹೊರಗೆ ಹೋಗಿರಲಿಲ್ಲ. ಸಿಲಿಂಡರ್ ಸೋರಿರಲಿಲ್ಲ, ಅವತ್ತು ಅದನ್ನು ತೆರೆದೇ ಇರಲಿಲ್ಲ.

ಹಾಗಾದರೆ ಲೆಕ್ಕ ಕೂಡುವುದಿಲ್ಲ. ಸಿಲಿಂಡರ್ ಮುಚ್ಚಿತ್ತು. ಕರೆಂಟ್ ಹೋಗಿ ಮಷಿನ್ ನಿಂತಿತ್ತು. ಬೆಂಕಿ ತಾಗಿದ ಗಳಿಗೆಯಲ್ಲಿ ಆ ಕೋಣೆಯಲ್ಲಿ ಎಲ್ಲಿಂದಲೂ ಆಕ್ಸಿಜನ್ ಹರಿಯುತ್ತಿರಲಿಲ್ಲ.

ಕಂಬಳಿ ಹೇಳಿದ್ದು

ಒದ್ದೆ ಕಂಬಳಿ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ಜಗುಲಿಯ ಮೇಲೆ ಹರಡಿ ನೋಡಿದೆವು. ಮೇಲಿನ ನುಣುಪು ರೋಮ ಅಗಲಕ್ಕೂ ಸೀದು, ಕೈಯಾಡಿಸಿದರೆ ಕಪ್ಪು ಹರಳು ಹರಳಾಗಿ ಉದುರುತ್ತಿತ್ತು. ಒಳಗಿನ ನೇಯ್ಗೆ ಮಾತ್ರ ಬಹುಪಾಲು ಹಾಗೇ ಇತ್ತು. ಒಂದು ಕಡೆ ಅಂಗೈಗಿಂತ ದೊಡ್ಡ ತೂತು ಬಿದ್ದಿತ್ತು. ಮೇಣದಬತ್ತಿ ತಾಗಿದ ಅಂಚಿನಲ್ಲಿ ಅಲ್ಲ, ಅಲ್ಲಿಂದ ಎರಡು ಮೊಳ ಒಳಗೆ. ಅಮ್ಮನನ್ನು ಕರೆದು, ಪೈಪನ್ನು ಯಾವ ಮಡಿಕೆಯಲ್ಲಿ ಇಟ್ಟಿದ್ದಿರಿ, ಮಡಚಿ ತೋರಿಸಿ ಎಂದೆ. ಅವರು ಮಡಚಿದರು. ತೂತು ಮಡಿಕೆಯ ಒಳಗೇ ಬಂತು.

ಬೆಂಕಿ ಅಂಚಿನಲ್ಲಿ ಹುಟ್ಟಿ, ಆಕ್ಸಿಜನ್ ದಟ್ಟವಾಗಿದ್ದ ಕಡೆಗೆ ಓಡಿಹೋಗಿ, ಅಲ್ಲಿ ಹೆಚ್ಚು ಉರಿದಿತ್ತು.

ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21 ಭಾಗ. ಕಾನ್ಸನ್‌ಟ್ರೇಟರ್ ಇದೇ ಗಾಳಿಯನ್ನು ಎಳೆದು, ಜಿಯೋಲೈಟ್ ಎಂಬ ಹರಳುಗಳ ಮೇಲೆ ಹಾಯಿಸುತ್ತದೆ. ಹರಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೈಪಿನಲ್ಲಿ ಬರುವುದು ನೂರಕ್ಕೆ 90ರಿಂದ 95 ಭಾಗ ಆಕ್ಸಿಜನ್. ಸಿಲಿಂಡರಿನಿಂದ ಬರುವುದಕ್ಕೂ ಇದಕ್ಕೂ ಬೆಂಕಿಯ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ. ನಿಮಿಷಕ್ಕೆ 2 ಲೀಟರಿನಂತೆ ಅರ್ಧ ಗಂಟೆಯಲ್ಲಿ 60 ಲೀಟರ್, ಅಂದರೆ ನಾಲ್ಕೈದು ಬಿಂದಿಗೆ ತುಂಬುವಷ್ಟು ಆಕ್ಸಿಜನ್, ಮಡಚಿದ ಕಂಬಳಿಯೊಳಗೆ ಬಂದಿತ್ತು. ತೆರೆದ ಜಾಗದಲ್ಲಾದರೆ ಹರಡಿ ಗಾಳಿಯಲ್ಲಿ ಸೇರಿಹೋಗುತ್ತದೆ. ಕಂಬಳಿ, ಹಾಸಿಗೆ, ದಿಂಬು, ಸ್ವೆಟರ್, ತಲೆಕೂದಲು, ಗಡ್ಡ ಇವುಗಳ ಎಳೆಗಳ ನಡುವೆ ಸಿಕ್ಕಿಕೊಂಡರೆ ಬೇಗ ಹೋಗುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ಬಟ್ಟೆಯನ್ನು ಗಾಳಿಯಾಡುವ ಕಡೆ ಬಿಚ್ಚಿಟ್ಟು ಕನಿಷ್ಠ 20 ನಿಮಿಷ ಬಿಟ್ಟ ಮೇಲೆಯೇ ಬೆಂಕಿಯ ಹತ್ತಿರ ಹೋಗಬಹುದು ಎನ್ನುವ ನಿಯಮ ಬಂದಿರುವುದು ಇದಕ್ಕೇ. ಯಜಮಾನರು ಕಂಬಳಿ ಹೊದ್ದು ಮೂರ್ನಾಲ್ಕು ನಿಮಿಷವೂ ಆಗಿರಲಿಲ್ಲ.

ನೆರೆಮನೆಯ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. "ಕಂಬಳಿಗೆ ಬೆಂಕಿ ಹತ್ತಲ್ಲವಲ್ಲಮ್ಮ. ಬೆಂಕಿ ಬಿದ್ರೆ ನಾವು ಕಂಬಳಿ ಮುಚ್ಚಿ ಆರಿಸ್ತೀವಿ." ಅವರು ಹೇಳಿದ್ದು ಸರಿ. ಉಣ್ಣೆ ಉರಿಯುತ್ತಲೇ ಇರಬೇಕೆಂದರೆ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಸುಮಾರು 25 ಭಾಗ ಬೇಕು. ನಮ್ಮ ಗಾಳಿಯಲ್ಲಿರುವುದು 21. ಆದ್ದರಿಂದ ಕಂಬಳಿ ಸಾಮಾನ್ಯವಾಗಿ ಸೀದು ಕರಕಲಾಗಿ ಆರುತ್ತದೆ. ಹತ್ತಿಬಟ್ಟೆಗೆ 18, 19 ಸಾಕು, ಅದಕ್ಕೇ ಪಂಚೆ ಹೊತ್ತಿಕೊಂಡು ಉರಿಯುತ್ತದೆ. 21ಕ್ಕೂ 25ಕ್ಕೂ ಇರುವುದು ನಾಲ್ಕೇ ಹೆಜ್ಜೆ. ಆಕ್ಸಿಜನ್ ಪೈಪು ಅರ್ಧ ಗಂಟೆ ಒಳಗಿದ್ದ ಕಂಬಳಿ ಆ ನಾಲ್ಕು ಹೆಜ್ಜೆಯನ್ನು ಎಂದೋ ದಾಟಿರುತ್ತದೆ. ತಲೆತಲಾಂತರದಿಂದ ಬೆಂಕಿ ಆರಿಸುತ್ತಾ ಬಂದ ವಸ್ತುವನ್ನು ನಂಬಿ ಯಜಮಾನರು ಕೂತಿದ್ದರು. ಆ ನಂಬಿಕೆಯಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬರಲಿಲ್ಲ. ಆದರೆ ಈಗ ಎಲ್ಲ ಮನೆಯಲ್ಲೂ ಹೇಳುತ್ತೇನೆ: ಆಕ್ಸಿಜನ್ ರೋಗಿಯ ಮೈಮೇಲಿನ ಬೆಂಕಿಗೆ ಕಂಬಳಿ ಮುಚ್ಚಬೇಡಿ, ನೀರು ಹಾಕಿ.

ಇನ್ನೊಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಮಷಿನ್ ನಿಲ್ಲುವುದು ಕರೆಂಟ್ ಹೋದಾಗ. ಮನೆಯಲ್ಲಿ ಬೆಂಕಿ ಹಚ್ಚುವುದೂ ಕರೆಂಟ್ ಹೋದಾಗಲೇ. ಹಾಸಿಗೆ ಆಕ್ಸಿಜನ್ ಕುಡಿದು ಕೂತಿರುವ ಹೊತ್ತಿಗೇ ಅದರ ಪಕ್ಕಕ್ಕೆ ಮೇಣದಬತ್ತಿ ಬರುತ್ತದೆ. ಕತ್ತಲಲ್ಲಿ ಸಿಲಿಂಡರ್ ಜೋಡಿಸುವ ಕೆಲಸ ಇರುವುದರಿಂದ ಆ ಬತ್ತಿ ರೋಗಿಗೆ ಆದಷ್ಟೂ ಹತ್ತಿರವೇ ಬರುತ್ತದೆ. ಮಷಿನ್ ನಿಂತಿದೆ, ಇನ್ನು ಅಪಾಯವಿಲ್ಲ ಎಂದುಕೊಳ್ಳುವ ಗಳಿಗೆಯೂ ಅದೇ.

ನನ್ನ ಪಾಲನ್ನೂ ಹೇಳಬೇಕು. ಮೊದಲ ಭೇಟಿಯಲ್ಲಿ ಸಿಲಿಂಡರಿನ ಬಗ್ಗೆ ಅರ್ಧ ಗಂಟೆ ಹೇಳಿದ್ದೆ. ಮಷಿನ್ ಬಗ್ಗೆ ಹೇಳಿದ್ದು ಫಿಲ್ಟರ್ ತೊಳೆಯುವುದು, ಆಕ್ಸಿಜನ್ನನ್ನು ತೇವ ಮಾಡುವ ಬಾಟಲಿಯ ನೀರು ಬದಲಿಸುವುದು, ಅಷ್ಟೇ. ಹಾಗಾಗಿ ಆ ಮನೆಯವರು ಸಿಲಿಂಡರಿಗೆ ಹೆದರಿದರು, ಮಷಿನನ್ನು ಫ್ಯಾನಿನ ಹಾಗೆ ನೋಡಿದರು. "ಅದು ಬರೀ ಗಾಳಿ ಕೊಡೋದು ತಾನೇ" ಎಂದು ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಹೆದರಿಕೆಯಿಂದ ಆದ ನಷ್ಟ

ಬೆಂಕಿ ಆರಿದ ಮೇಲೆ ಯಜಮಾನರಿಗೆ ಆಕ್ಸಿಜನ್ ಬೇಕೇಬೇಕಿತ್ತು. ತುಂಬಿದ ಸಿಲಿಂಡರ್ ಮೂರು ಹೆಜ್ಜೆ ದೂರದಲ್ಲಿತ್ತು. ಯಾರೂ ಮುಟ್ಟಲಿಲ್ಲ, ಬದಲಿಗೆ ಕೊಟ್ಟಿಗೆಗೆ ಹೊತ್ತುಹಾಕಿದರು. 108 ಬರುವವರೆಗೆ ಅವರು ಆಕ್ಸಿಜನ್ ಇಲ್ಲದೆ ಕೂತಿದ್ದರು, ಬೆರಳಿನ ಮೀಟರ್ 80ಕ್ಕೆ ಇಳಿದಿತ್ತು. ಬತ್ತಿ ಆರಿಸಿ, ಯಜಮಾನರ ಒದ್ದೆ ಬಟ್ಟೆ ಬದಲಿಸಿ, ಪಡಸಾಲೆಗೆ ಕರೆತಂದು, ಮೊಬೈಲಿನ ಟಾರ್ಚ್ ಬೆಳಕಿನಲ್ಲಿ ಹೊಸ ಪೈಪು ಹಾಕಿ ಅದೇ ಸಿಲಿಂಡರಿನಿಂದ 2 ಲೀಟರ್ ಕೊಡಬಹುದಿತ್ತು.

ಸುಟ್ಟ ಜಾಗಕ್ಕೆ ಅಮ್ಮ ಮಾಡಿದ್ದು ಸರಿಯಾಗಿತ್ತು. ಯಾರೋ ಟೂತ್‌ಪೇಸ್ಟ್ ತಂದರೂ ಬೇಡವೆಂದು, ತಣ್ಣೀರನ್ನೇ ಬಿಡುತ್ತಾ ಕೂತಿದ್ದರು. 20 ನಿಮಿಷ ಹರಿಯುವ ನೀರು ಬಿಡಬೇಕು, ಐಸ್ ಬೇಡ. ಮುಖ ಸುಟ್ಟಾಗ ಚರ್ಮಕ್ಕಿಂತ ಮೊದಲು ನೋಡಬೇಕಾದದ್ದು ಉಸಿರಿನ ದಾರಿಯನ್ನು. ಮೂಗಿನೊಳಗಿನ ಕೂದಲು ಸೀದಿದೆಯೇ, ಉಗುಳಿದರೆ ಮಸಿ ಬರುತ್ತಿದೆಯೇ, ದನಿ ಗೊಗ್ಗರಾಗಿದೆಯೇ, ನುಂಗಲು ಕಷ್ಟವೇ. ಇದರಲ್ಲಿ ಒಂದಿದ್ದರೂ ಗಂಟಲಿನ ಒಳಗೆ ಬಾವು ಏರುತ್ತಿರಬಹುದು, ಹೊರಗೆ ಗಾಯ ಸಣ್ಣದಾಗಿ ಕಂಡರೂ ಕಾಯುವ ಹಾಗಿಲ್ಲ. ಯಜಮಾನರ ಮೂಗಿನ ಕೂದಲು ಸೀದಿದ್ದವು. ಅದಕ್ಕೇ ಆಸ್ಪತ್ರೆಯಲ್ಲಿ ಇರಿಸಿಕೊಂಡು ಗಂಟಲು ನೋಡಿದರು. ಒಳಗೆ ಸುಟ್ಟಿರಲಿಲ್ಲ.

ಮೇಲ್ತುಟಿಯ ಗಾಯ ಉಳಿದವಕ್ಕಿಂತ ಆಳವಾಗಿತ್ತು. ಕೇಳಿದರೆ, ಪೈಪಿನ ಗಾಳಿಗೆ ಮೂಗು ಒಣಗಿ ಬಿರಿಯುತ್ತದೆಂದು ದಿನಾ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಮೂಗಿನ ಹತ್ತಿರದ ಎಣ್ಣೆ ಸಿಲಿಂಡರ್ ವಾಲ್ವಿನಲ್ಲಿ ಆಗುವಂತೆ ತಾನಾಗಿ ಹೊತ್ತುವುದಿಲ್ಲ, ಅಲ್ಲಿ ಆ ಒತ್ತಡವಿಲ್ಲ. ಬೆಂಕಿ ಬಂದರೆ ಮಾತ್ರ ಬತ್ತಿಗೆ ಎಣ್ಣೆ ಹೊಯ್ದ ಹಾಗೆ. ಮೂಗು ಒಣಗಿದರೆ ನೀರಿನಂಶದ ಜೆಲ್ ಅಥವಾ ಉಪ್ಪುನೀರಿನ ಹನಿ ಸಾಕು.

ಕೋಣೆಯನ್ನು ಮತ್ತೆ ಜೋಡಿಸಿದ್ದು

ಯಜಮಾನರು ಮನೆಗೆ ಬರುವ ಮುಂಚೆ ಮಗ, ಅಮ್ಮ, ನಾನು ಕೂಡಿ ಕೋಣೆಯನ್ನು ಬದಲಿಸಿದೆವು. ಮಂಚದ ತಲೆಭಾಗದ ಗೋಡೆಗೆ ಒಂದು ಮೊಳೆ ಹೊಡೆದೆವು. ಪೈಪು ಮೂಗಿನಿಂದ ಹೊರಬಂದರೆ ಅದರ ಜಾಗ ಆ ಮೊಳೆ, ಹಾಸಿಗೆ ಅಲ್ಲ. ಅದಕ್ಕೂ ಮೊದಲು ಮಷಿನ್ ಆಫ್ ಆಗಬೇಕು. ದಿನಕ್ಕೆ ಒಂದೆರಡು ಸಲ ಆಫ್ ಮಾಡಿ ಆನ್ ಮಾಡಿದರೆ ಕೆಡುತ್ತದೆ ಎನ್ನುವ ಮಾತಿನಲ್ಲಿ ಹುರುಳಿಲ್ಲ. ಆನ್ ಮಾಡಿದ ಮೇಲೆ ಪೂರ್ತಿ ಶುದ್ಧ ಆಕ್ಸಿಜನ್ ಬರಲು ಕೆಲವು ನಿಮಿಷ ಬೇಕು, ಅಷ್ಟೇ. ಸ್ನಾನಕ್ಕೆ ಅರ್ಧ ಗಂಟೆ ಹೋಗುವವರು ಬಂದು ಕೂರುವ ಐದು ನಿಮಿಷ ಮೊದಲು ಆನ್ ಮಾಡಿದರಾಯಿತು, ಪೈಪು ಆಗಲೂ ಮೊಳೆಯ ಮೇಲೇ.

ಮಂಚಕ್ಕೆ ಒಂದು ಟಾರ್ಚನ್ನು ದಾರ ಕಟ್ಟಿ ತೂಗುಹಾಕಿದೆವು, ಕರೆಂಟ್ ಹೋದರೆ ತಾನೇ ಹತ್ತುವ ಎಮರ್ಜೆನ್ಸಿ ಲೈಟನ್ನು ಗೋಡೆಗೆ ಹಾಕಿದೆವು. ಆ ಕೋಣೆಯಿಂದ ಬೆಂಕಿಪೊಟ್ಟಣವನ್ನೇ ತೆಗೆದೆವು. ಹಗಲಿನಲ್ಲಿ ಎರಡು ಸಲ, ರಾತ್ರಿ ದೀಪ ಆರಿಸಿ ಟಾರ್ಚ್ ಬೆಳಕಲ್ಲಿ ಎರಡು ಸಲ, ಅಮ್ಮನ ಕೈಯಿಂದಲೇ ಸಿಲಿಂಡರ್ ಜೋಡಿಸುವ ಅಭ್ಯಾಸ ಮಾಡಿಸಿದೆ. ಗೇಜಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಬಿ ಟೈಪ್ ಸಿಲಿಂಡರಿನಲ್ಲಿ ಉಳಿದಿರುವ ಲೀಟರ್ ಸುಮಾರಾಗಿ ಸಿಗುತ್ತದೆ. 150 ಇದ್ದರೆ 1500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ. 50ಕ್ಕೆ ಇಳಿದರೆ ನಾಲ್ಕು ಗಂಟೆ ಎಂದು ಅಮ್ಮನೇ ಲೆಕ್ಕ ಹಾಕಿ, ಹಾಗಾದರೆ 50ಕ್ಕೆ ಬಂದ ಕೂಡಲೇ ತುಂಬಿಸಲು ಫೋನ್ ಮಾಡಬೇಕು ಎಂದು ತೀರ್ಮಾನಿಸಿದರು.

ಸಿಲಿಂಡರ್ ಈಗ ಪಡಸಾಲೆಯ ಗೋಡೆಗೆ ಸರಪಳಿ ಹಾಕಿ ನಿಂತಿದೆ. ಅಡುಗೆ ಗ್ಯಾಸಿನಿಂದ, ಸೌದೆಯಿಂದ, ಪೆಟ್ರೋಲಿನಿಂದ ದೂರ. ಉಪಯೋಗಿಸದಾಗ ವಾಲ್ವ್ ಪೂರ್ತಿ ಮುಚ್ಚಿರುತ್ತದೆ. ಮಷಿನ್ ಮೊದಲು ಗೋಡೆಗೆ ಅಂಟಿಕೊಂಡು, ಸದ್ದು ಕಡಿಮೆಯಾಗಲಿ ಎಂದು ಹೊದಿಸಿದ ಟವೆಲ್ಲಿನ ಕೆಳಗೆ ಇತ್ತು. ಟವೆಲ್ ತೆಗೆದು, ಗೋಡೆಯಿಂದ ಒಂದಡಿ ಈಚೆ ಎಳೆದೆವು. ಫಿಲ್ಟರ್ ಹೊರಗೆಳೆದು ನೋಡಿದರೆ ಮಸಿ ಹಿಡಿದಿತ್ತು, ಮೂಗಿಗೆ ಹಿಡಿದರೆ ಸೌದೆ ಹೊಗೆಯ ವಾಸನೆ. ಸಂಜೆ ಚಳಿಗೆ ಅದೇ ಕೋಣೆಗೆ ಕೆಂಡದ ಬಾಂಡಲಿ ತರುತ್ತಿದ್ದರು ಎಂದು ಆಗ ಗೊತ್ತಾಯಿತು. ಅದನ್ನು ನಿಲ್ಲಿಸಿದೆವು. ಒಲೆ, ಕೆಂಡ, ಸೊಳ್ಳೆಬತ್ತಿ, ಊದುಬತ್ತಿ, ಬೀಡಿ, ಯಾವುದೇ ಉರಿ ಪೈಪಿನಿಂದ ಮೂರು ಮೀಟರ್ ಒಳಗೆ ಬರಬಾರದು. ಆ ಕೋಣೆಯ ಅಗಲವೇ ಮೂರೂವರೆ ಮೀಟರ್, ಹಾಗಾಗಿ ಕೋಣೆಗೇ ಬೇಡ ಎಂದೆ. ಚಳಿಗೆ ಬಿಸಿನೀರಿನ ರಬ್ಬರ್ ಚೀಲ ತರಿಸಿದರು.

ಪೈಪಿಗೆ ಎರಡು ಫೈರ್ ಬ್ರೇಕ್ ಹಾಕಿಸಿದೆವು, ಒಂದು ಮಷಿನ್ ಹತ್ತಿರ, ಒಂದು ಯಜಮಾನರ ಎದೆಯ ಹತ್ತಿರದ ಜೋಡಣೆಯಲ್ಲಿ. ಹೆಬ್ಬೆರಳಿನಷ್ಟು ಉದ್ದದ ಬಿಡಿಭಾಗ ಅದು. ಪೈಪಿಗೆ ಬೆಂಕಿ ಹತ್ತಿ ಅಲ್ಲಿಗೆ ಬಂದರೆ ಒಳಗಿನ ಭಾಗ ಕರಗಿ ಆಕ್ಸಿಜನ್ ದಾರಿ ಮುಚ್ಚಿಕೊಳ್ಳುತ್ತದೆ. ಬಾಣದ ಗುರುತಿದ್ದರೆ ಅದು ರೋಗಿಯ ಕಡೆಗೆ ಇರಬೇಕು. ಅವತ್ತು ಇದು ಇದ್ದಿದ್ದರೂ ಕಂಬಳಿ ಹೊತ್ತುತ್ತಿತ್ತು, ಏಕೆಂದರೆ ಪೈಪಿನಲ್ಲಿ ಹರಿವೇ ಇರಲಿಲ್ಲ. ಆದರೆ ಅಮ್ಮ ಎರಡು ನಿಮಿಷ ಮೊದಲೇ ಚಾವಿ ಹುಡುಕಿ ಸಿಲಿಂಡರ್ ತೆರೆದಿದ್ದರೆ, ಪೈಪಿನ ತುದಿ ಗ್ಯಾಸ್ ವೆಲ್ಡಿಂಗಿನ ಜ್ವಾಲೆಯಂತೆ ಯಜಮಾನರ ಮುಖದ ಮೇಲೇ ಉರಿಯುತ್ತಿತ್ತು. ಆ ಚಾವಿ ಸಿಗದೆ ಇದ್ದದ್ದು ಅವರನ್ನು ಉಳಿಸಿತು. ಈಗ ಚಾವಿ ಸಿಲಿಂಡರಿನ ಕತ್ತಿಗೇ ಕಟ್ಟಿದೆ, ಬತ್ತಿ ಕೋಣೆಯಲ್ಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಅಮ್ಮ ಬಹಳ ಹೊತ್ತು ಒಪ್ಪಲಿಲ್ಲ. ದಿನಾ ಸಂಜೆ ದೇವರ ಮುಂದೆ ಕರ್ಪೂರ ಹಚ್ಚಿ, ಆರತಿ ತಟ್ಟೆಯನ್ನು ಯಜಮಾನರ ಮಂಚಕ್ಕೆ ತರುವುದು ಅವರ ರೂಢಿ. ಕಂಬಳಿ ಹೊದ್ದ ಮನುಷ್ಯನ ಮುಖದ ಮುಂದೆ, ಮೂಗಿನಲ್ಲಿ ಪೈಪಿರುವಾಗ, ತೆರೆದ ಉರಿ. ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ ಎಂದರು. ನಾನು ಉತ್ತರಿಸದೆ ಸುಟ್ಟ ಕಂಬಳಿಯ ಕಡೆ ನೋಡಿದೆ.

ಮೊನ್ನೆ ಸಂಜೆ ಹೋಗಿದ್ದೆ. ದೇವರ ಕೋಣೆಯಲ್ಲಿ ಗಂಟೆಯ ಸದ್ದು ಕೇಳಿ ಯಜಮಾನರು ಮಂಚದ ಮೇಲೆ ಎದ್ದು ಕೂತು ಕೈಮುಗಿದರು. ಅಮ್ಮ ಅಲ್ಲೇ ಆರತಿಯ ಮೇಲೆ ಎರಡೂ ಅಂಗೈ ಆಡಿಸಿ, ತಟ್ಟೆಯನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಬಂದು ಆ ಅಂಗೈಗಳನ್ನು ಯಜಮಾನರ ಕಣ್ಣಿಗೆ ಒತ್ತಿದರು.